“ತಳಕ್ಕೆ ಸಿಮೆಂಟ್ ಹಾಕ್ಬಿಟ್ರೆ ಅದು ಇಂಗುಬಾವಿ ಅಲ್ಲ ಸ್ವಾಮಿ, ಸಂಪು”

1
ಬೆಂಗಳೂರಿನಲ್ಲಿ ತಲೆಮಾರುಗಳಿಂದ ಬಾವಿ ತೋಡುತ್ತಿರುವ ಮಣ್ಣು ವಡ್ಡರ ಮನೆತನದ ಹಿರಿಯರೊಬ್ಬರು ಈ ವಾರ ನಮ್ಮ ಪಾಡ್‌ಕಾಸ್ಟ್‌ನಲ್ಲಿ ಇಂಗುಬಾವಿ, ಅಂದರೆ ಮಳೆನೀರನ್ನು ನೆಲಕ್ಕೆ ಇಂಗಿಸುವ ಬಾವಿಯ ಬಗ್ಗೆ ಮಾತಾಡಿದ್ದಾರೆ.
ಸ್ವೈಪ್ ಮಾಡಿ 👉

2
“ಬೋರ್‌ವೆಲ್ ಬಂದ್ಮೇಲೆ ನಮ್ಮನ್ನ ಕರೆಯೋರೇ ಇರ್ಲಿಲ್ಲ. ಈಗ ಬೋರು ಬತ್ತಿದೆ, ಮತ್ತೆ ಫೋನ್ ಬರ್ತಾ ಇದೆ.”

3
ಮೊದಲು ಲೆಕ್ಕ.
1 ಚದರ ಮೀಟರ್ ತಾರಸಿ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. ಬೆಂಗಳೂರಿಗೆ ವರ್ಷಕ್ಕೆ ಸುಮಾರು 970 ಮಿ.ಮೀ. ಮಳೆ. ತಾರಸಿ 100 ಚದರ ಮೀಟರ್ ಇದ್ದರೆ ಬೀಳುವುದು ಹತ್ತಿರ ಹತ್ತಿರ 97,000 ಲೀಟರ್. 6,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 16 ಲೋಡು!
ಕಾವೇರಿ ನೀರು ಸುಮಾರು 100 ಕಿ.ಮೀ. ದೂರದಿಂದ, ಸುಮಾರು 500 ಮೀಟರ್ ಮೇಲಕ್ಕೆ ಪಂಪ್ ಆಗಿ ಬರುತ್ತದೆ. ತಾರಸಿ ನೀರನ್ನು ನಾವೇ ಮೋರಿಗೆ ಬಿಡುತ್ತೇವೆ.

4
“ಮಣ್ಣು ಕೈಲಿ ಹಿಡಿದ್ರೇ ಗೊತ್ತಾಗತ್ತೆ, ನೀರು ಕುಡಿಯೋ ಮಣ್ಣೋ ಅಲ್ವೋ ಅಂತ. ಜೇಡಿ ಸಿಕ್ಕಿದ್ರೆ ನಿಲ್ಲಿಸಲ್ಲ, ಅದು ದಾಟೋವರೆಗೂ ತೋಡ್ತೀವಿ.”

5
ಅವರು ತೋಡುವ ಬಗೆ:
3 ಅಡಿ ಅಗಲ, 20 ಅಡಿ ಆಳ. ಒಬ್ಬರು ಹಾರೆ ಹಿಡಿದು ಒಳಗೆ, ಇನ್ನೊಬ್ಬರು ಮೇಲೆ ನಿಂತು ಹಗ್ಗದಲ್ಲಿ ಮಣ್ಣು ಎಳೆಯುತ್ತಾರೆ. ಆಮೇಲೆ ಒಂದರ ಮೇಲೊಂದು ಸಿಮೆಂಟ್ ರಿಂಗು, ರಿಂಗಿಗೂ ಮಣ್ಣಿಗೂ ನಡುವೆ ಜಲ್ಲಿ. ತಳ ಮಾತ್ರ ಬರೀ ಮಣ್ಣು. ನೀರು ಇಂಗುವುದೇ ಅಲ್ಲಿಂದ ಮತ್ತು ಸಂದುಗಳಿಂದ.
ಇಂಥ ಬಾವಿ ಸುಮಾರು 4,000 ಲೀಟರ್ ಹಿಡಿಯುತ್ತದೆ, ಅಂದರೆ ಆ 100 ಚದರ ಮೀಟರ್ ತಾರಸಿಯ ಮೇಲೆ ಬಿದ್ದ 40 ಮಿ.ಮೀ. ಮಳೆ ಅಷ್ಟೂ.

6
ನೆನಪಿಡಿ:
• ವರ್ಷದ ಮೊದಲ ಮಳೆಯ ಕೊಳೆನೀರು ಬಾವಿಗೆ ಬೇಡ, ಹೊರಗೆ ಬಿಡಿ
• ಪೈಪಿನ ಬಾಯಿಗೆ ಫಿಲ್ಟರ್ ಇರಲಿ, ಮಳೆಗಾಲಕ್ಕೆ ಮುಂಚೆ ತೊಳೆಯಿರಿ
• ಬಚ್ಚಲ ನೀರು, ಶೌಚದ ಗುಂಡಿ ಹತ್ತಿರ ಸುಳಿಯಬಾರದು
• ಬಾಯಿಗೆ ಗಟ್ಟಿ ಮುಚ್ಚಳ. ಮನೆಯಲ್ಲಿ ಮಕ್ಕಳಿದ್ದರೆ ಇದೇ ಮೊದಲ ಕೆಲಸ

7
“ಕಬ್ಬನ್ ಪಾರ್ಕ್ ಬಾವಿ ಹೂಳು ತೆಗೆದವ್ರೂ ನಮ್ಮೋರೇ. ನೀರು ಎಲ್ಲೂ ಹೋಗಿರ್ಲಿಲ್ಲ, ಕಸದ ಕೆಳಗಿತ್ತು.”

ಕ್ಯಾಪ್ಷನ್
30x40 ಮತ್ತು ಅದಕ್ಕಿಂತ ದೊಡ್ಡ ನಿವೇಶನದ ಹೊಸ ಮನೆಗಳಿಗೆ ಮಳೆನೀರು ಕೊಯ್ಲನ್ನು ಕಡ್ಡಾಯ ಮಾಡಿದ್ದು 2009ರಲ್ಲಿ. ಆದರೂ ಎಷ್ಟೋ ಕಡೆ ಕಾಣುವುದು ಕಾಗದಕ್ಕೆಂದು ತೋಡಿದ ಗುಂಡಿ, ಅದರಲ್ಲಿ ಕಟ್ಟಿದ ಕೆಸರು. ತೋಡಿಸುವುದಾದರೆ ಕಸುಬು ಗೊತ್ತಿದ್ದವರಿಂದಲೇ ತೋಡಿಸಿ, ಅವರು ಕೇಳಿದ ಕೂಲಿಯಲ್ಲಿ ಚೌಕಾಸಿ ಮಾಡಬೇಡಿ. 20 ಅಡಿ ಆಳಕ್ಕೆ ಇಳಿದು ದುಡಿಯುವ ಕೆಲಸ ಅದು.

ಪೂರ್ತಿ ಮಾತುಕತೆ 52 ನಿಮಿಷ, ಲಿಂಕ್ ಬಯೋದಲ್ಲಿದೆ. ಬಿಡುವಿಲ್ಲದಿದ್ದರೆ 31ನೇ ನಿಮಿಷದಿಂದ ಕೇಳಿ: ಮನೆ ಅಂಗಳದಲ್ಲಿ ಬಾವಿಗೆ ಜಾಗ ಗುರುತಿಸುವುದು ಹೇಗೆಂದು ಅಲ್ಲಿ ಹೇಳಿದ್ದಾರೆ.

#ಇಂಗುಬಾವಿ #ಮಳೆನೀರುಕೊಯ್ಲು #ಬೆಂಗಳೂರು