ಭಾನುವಾರ ಸಂಜೆಯ ಪುಟ

ತಮ್ಮಾ, ಒಂದು ಇನ್ನೂರು ಪುಟದ ನೋಟ್‌ಬುಕ್ ತಗೋ. ಭಾನುವಾರ ಸಂಜೆ ಕಾಫಿ ಆದ ಮೇಲೆ, ನಿನ್ನ ದಿನಗಳು ಹೇಗೆ ಕಳೆದವು ಅಂತ ಬರೆಯಲು 20 ನಿಮಿಷ ಸಾಕು. ಲ್ಯಾಪ್‌ಟಾಪ್ ಬೇಡ, ತೆಗೆದರೆ ನೀನು ಮೇಲ್ ನೋಡುತ್ತೀಯ. ನಾಲ್ಕು ವಾರಕ್ಕೆ ಪ್ರಶ್ನೆ ಬರೆದಿದ್ದೇನೆ. ಐದನೇ ವಾರ ಮತ್ತೆ ಮೊದಲಿಂದ. ಹೊಸ ಉತ್ತರ ಬರೆದು ಮುಗಿಸುವ ತನಕ ಹಳೆಯ ಪುಟ ತಿರುಗಿಸಬೇಡ.

ಮೊದಲ ವಾರ: ಹುರುಪು, ಸುಸ್ತು

ಯಾವ ದಿನ ಆಫೀಸಿಂದ ಬಂದ ಮೇಲೂ ಮಾತಾಡುವ ಹುರುಪಿತ್ತು? ಹಿಂದಿನ ರಾತ್ರಿ ಎಷ್ಟು ಗಂಟೆಗೆ ಮಲಗಿದ್ದೆ?

ಕ್ಯಾಲೆಂಡರ್ ತೆಗೆದು ಪ್ರತಿ ಮೀಟಿಂಗ್ ಪಕ್ಕ ಪ್ಲಸ್ ಇಲ್ಲವೇ ಮೈನಸ್ ಹಾಕು. ದೊಡ್ಡ ಮೈನಸ್ ಯಾವುದಕ್ಕೆ ಬಿತ್ತು? ಸುಸ್ತು ಮಾಡಿದ್ದು ಕೆಲಸವಾ, ಅಲ್ಲಿದ್ದ ಒಬ್ಬರಾ, ಊಟ ಬಿಟ್ಟು ಕೂತಿದ್ದಾ?

ವೈಟ್‌ಫೀಲ್ಡಿಂದ ವಿಜಯನಗರಕ್ಕೆ ನೇರಳೆ ಮಾರ್ಗದ ಮೆಟ್ರೋದಲ್ಲಿ ದಿನಾ ಕೂತು ಬರುತ್ತೀಯ (ನಿಂತು ಅನ್ನಬೇಕೇನೋ). ಫೋನ್ ನೋಡುತ್ತಾ ಬಂದ ದಿನ ಮನೆ ಬಾಗಿಲಲ್ಲಿ ಹೇಗಿದ್ದೆ? ಸುಮ್ನೆ ಕಿಟಕಿ ನೋಡುತ್ತಾ ಬಂದ ದಿನ?

ಎರಡನೇ ವಾರ: ರೇಗಿದ್ದು

ಒಂದೇ ಒಂದು ಸಲದ್ದು ಆರಿಸಿಕೋ. ದೊಡ್ಡ ಜಗಳವೇ ಆಗಬೇಕಿಲ್ಲ. ಸಂಜೆ ಆರೂವರೆಗೆ "ಒಂದು ಸಣ್ಣ ಚೇಂಜ್ ಅಷ್ಟೇ" ಅಂತ ಬಂದ ಮೆಸೇಜೂ ನಡೆಯುತ್ತದೆ.

ಮೊದಲು, ಸಿಸಿಟಿವಿಯಲ್ಲಿ ಕಾಣುವಷ್ಟನ್ನು ಮಾತ್ರ ಬರೆ. ಅದರ ಕೆಳಗೆ, ನೀನು ಅದಕ್ಕೆ ಕಟ್ಟಿದ ಅರ್ಥ. "ಅವರಿಗೆ ನನ್ನ ಟೈಮಿಗೆ ಬೆಲೆಯೇ ಇಲ್ಲ" ಅನ್ನುವುದು ಕೆಳಗೆ ಬರಬೇಕು, ಮೇಲಲ್ಲ. ಇವೆರಡನ್ನು ಕಲಸುವುದರಲ್ಲಿ ನಮ್ಮ ಮನೆಯವರದು ಎತ್ತಿದ ಕೈ, ಅಲ್ವಾ?

ಸಿಟ್ಟು ಮೈಯಲ್ಲಿ ಮೊದಲು ಎಲ್ಲಿ ಗೊತ್ತಾಯಿತು? ಕಿವಿ ಬಿಸಿಯಾಯಿತಾ, ಹಲ್ಲು ಕಚ್ಚಿದೆಯಾ? ಅದಾಗಿ ಎಷ್ಟು ಹೊತ್ತಿಗೆ ಬಾಯಿ ತೆಗೆದೆ? ಆ ನಡುವೆ ಎದ್ದು ನೀರು ಕುಡಿದು ಬರುವಷ್ಟು ಸಮಯ ಇತ್ತಾ?

ಸಿಟ್ಟು ಕೊನೆಗೆ ಯಾರ ಮೇಲೆ ಇಳಿಯಿತು? ಮ್ಯಾನೇಜರ್ ಮೇಲಾ, ರಾತ್ರಿ ಫೋನ್ ಮಾಡಿದ ಅಮ್ಮನ ಮೇಲಾ?

ಮೂರನೇ ವಾರ: ಬಾಯಿ ಬಿಡದೆ ಇದ್ದದ್ದು

ಒಳಗೆ ಬೇಡ ಅನ್ನಿಸುತ್ತಿದ್ದರೂ ಎಲ್ಲಿ "ಹೂಂ, ಮಾಡೋಣ" ಅಂದೆ? ಇಲ್ಲ ಅಂದಿದ್ದರೆ ಏನಾಗುತ್ತದೆ ಅಂತ ಹೆದರಿದ್ದೆ? ಹೇಳಬೇಕಿದ್ದ ಮಾತನ್ನು ಒಂದೇ ಸಾಲಲ್ಲಿ ಬರೆ. ಯಾರಿಗೂ ಕಳಿಸಬೇಕಿಲ್ಲ.

ನಾಲ್ಕನೇ ವಾರ: ಯಾವುದು ಮುಖ್ಯ

ನಿನಗೆ ಮುಖ್ಯ ಅಂತ ನೀನು ಹೇಳಿಕೊಳ್ಳುವ ಮೂರು ವಿಷಯ ಬರೆ. ಈಗ ಕ್ಯಾಲೆಂಡರನ್ನೂ ಈ ತಿಂಗಳ ಯುಪಿಐ ಲೆಕ್ಕವನ್ನೂ ಪಕ್ಕದಲ್ಲಿಟ್ಟುಕೋ. ನಿನ್ನ ಪರಿಚಯವೇ ಇಲ್ಲದವರು ಈ ಎರಡನ್ನಷ್ಟೇ ನೋಡಿದರೆ ಯಾವ ಮೂರು ಬರೆಯುತ್ತಾರೆ?

ಈ ತಿಂಗಳು ಯಾರನ್ನು ನೋಡಿ ಹೊಟ್ಟೆಕಿಚ್ಚಾಯಿತು? ಅವರ ಸಂಬಳಕ್ಕಾ, ಐದೂವರೆಗೆ ಬ್ಯಾಗ್ ಹಾಕಿಕೊಂಡು ಹೊರಟುಬಿಡುವ ಧೈರ್ಯಕ್ಕಾ? (ಇದಕ್ಕೆ ನಿಜ ಬರೆಯಲು ನನಗೆ ಮೂರು ಭಾನುವಾರ ಹಿಡಿಯಿತು.)

ಮುಂದಿನ ವಾರ ಯಾವ ಒಂದು ಮೀಟಿಂಗ್ ಬಿಡುತ್ತೀಯ? ಆ ಹೊತ್ತಿನಲ್ಲಿ ಏನು ಮಾಡುತ್ತೀಯ? ದಿನ, ಗಂಟೆ ಸಮೇತ ಬರೆ.