ಎಣ್ಣೆಯ ಲೆಕ್ಕ

ಖಜಾನೆ ಇಲಾಖೆಯಲ್ಲಿ 34 ವರ್ಷ ಬಿಲ್ಲುಗಳನ್ನು ತಪಾಸಣೆ ಮಾಡಿ ನಿವೃತ್ತರಾಗಿದ್ದ ಬಸವಲಿಂಗಪ್ಪನವರು ರಕ್ತಪರೀಕ್ಷೆಯ ವರದಿಯನ್ನೂ ಮೊದಲು ಕೂಡಿ ಕಳೆದು ನೋಡಿದರು. ಒಟ್ಟು ಕೊಲೆಸ್ಟರಾಲ್ 248, ಎಚ್‌ಡಿಎಲ್ 38, ಟ್ರೈಗ್ಲಿಸರೈಡ್ 210, ಎಲ್‌ಡಿಎಲ್ 168. ಒಟ್ಟು ಮೊತ್ತದಿಂದ ಎಚ್‌ಡಿಎಲ್ಲನ್ನೂ ಟ್ರೈಗ್ಲಿಸರೈಡಿನ ಐದನೇ ಒಂದು ಭಾಗವನ್ನೂ ಕಳೆದರೆ ಎಲ್‌ಡಿಎಲ್ ಬರುತ್ತದೆಂದು ಹಾಳೆಯ ಅಡಿಯಲ್ಲಿ ಸಣ್ಣ ಅಕ್ಷರಗಳಲ್ಲಿತ್ತು. ಕಳೆದರು, ತಾಳೆಯಾಯಿತು. ಲ್ಯಾಬಿನವರು ಎಲ್ಲೋ ತಪ್ಪು ಬರೆದಿರಬಹುದೆಂಬ ಆಸೆ ಅಲ್ಲಿಗೆ ಮುಗಿಯಿತು.

ಡಾಕ್ಟರು ಹೆಚ್ಚು ಹೆದರಿಸಲಿಲ್ಲ. ಶನಿವಾರದ ಬೆಣ್ಣೆದೋಸೆಯನ್ನೂ ಸಂಜೆಯ ಮಿರ್ಚಿ-ಮಂಡಕ್ಕಿಯನ್ನೂ ಬಿಡಬೇಕು, ದಿನಾ ಬೆಳಿಗ್ಗೆ ನಡೆಯಬೇಕು, ಅಡುಗೆಯ ಎಣ್ಣೆ ದಿನಕ್ಕೆ 20ರಿಂದ 25 ಗ್ರಾಂ ದಾಟಬಾರದು, ಮೂರು ತಿಂಗಳಾದ ಮೇಲೆ ಮತ್ತೆ ಪರೀಕ್ಷೆ ಮಾಡಿಸಿ ಮಾತ್ರೆಯ ವಿಚಾರ ನೋಡೋಣ ಎಂದರು. ಎಣ್ಣೆಯ ಪ್ಯಾಕೆಟ್ಟಿನ ಮೇಲೆ ಕೊಲೆಸ್ಟರಾಲ್ ಇಲ್ಲವೆಂದೇ ಅಚ್ಚು ಹಾಕಿರುತ್ತಾರಲ್ಲ ಎಂದು ಬಸವಲಿಂಗಪ್ಪನವರು ಕೇಳಿದಾಗ ಡಾಕ್ಟರು ನಕ್ಕರು. "ಯಾವ ಶೇಂಗಾ ಎಣ್ಣೆಯಲ್ಲೂ ಅದು ಇರುವುದಿಲ್ಲ. ಆದರೆ ಬೆಣ್ಣೆ, ಕಾಯಿಸಿದ್ದನ್ನೇ ಮತ್ತೆ ಕಾಯಿಸಿದ ಬೋಂಡಾದ ಎಣ್ಣೆ, ಏರಿದ ತೂಕ ಇವೆಲ್ಲ ನಿಮ್ಮ ರಕ್ತದಲ್ಲಿ ಅದನ್ನು ಏರಿಸುತ್ತವೆ."

ಮನೆಗೆ ಬಂದವರೇ ತಂತಿಗೆ ಚುಚ್ಚಿಟ್ಟಿದ್ದ ಕಿರಾಣಿ ಚೀಟಿಗಳನ್ನು ತೆಗೆದರು. ತಿಂಗಳಿಗೆ ನಾಲ್ಕು ಲೀಟರ್, ತಿನ್ನುವವರು ಇಬ್ಬರು. ಲೀಟರಿಗೆ 910 ಗ್ರಾಮಿನಂತೆ ಹಿಡಿದರೂ ಒಬ್ಬರ ಪಾಲಿಗೆ ದಿನಕ್ಕೆ 60 ಗ್ರಾಂ ಬೀಳುತ್ತಿತ್ತು. ಇಷ್ಟು ವರ್ಷ ಊರಿನವರ ಪ್ರಯಾಣ ಭತ್ಯೆಯ ಬಿಲ್ಲುಗಳಿಗೆಲ್ಲ ಆಕ್ಷೇಪಣೆ ಬರೆದ ತಾವು ಸ್ವಂತ ಒಲೆಯ ಖರ್ಚನ್ನು ಒಮ್ಮೆಯೂ ಪರಿಶೀಲಿಸಿರಲಿಲ್ಲ ಎಂಬುದು ಅವರಿಗೆ ಕಾಯಿಲೆಗಿಂತ ಹೆಚ್ಚಾಗಿ ಚುಚ್ಚಿತು.

ಅಡುಗೆಗೆ ಅವರೇ ಇಳಿಯಬೇಕಾದದ್ದಕ್ಕೆ ಬೇರೆ ಕಾರಣವಿತ್ತು. ಪುಣೆಯಲ್ಲಿದ್ದ ಮಗಳು ಶೋಭಾಳಿಗೆ ಎರಡನೆಯ ಹೆರಿಗೆ. ಹಿರಿಯ ಮಗುವಿನ ಶಾಲೆ ಬಿಡಿಸಿ ದಾವಣಗೆರೆಗೆ ಬರಲಾಗದೆ ಬಾಣಂತನಕ್ಕೆ ಅಮ್ಮನನ್ನೇ ಕರೆಸಿಕೊಂಡಿದ್ದಳು. ಗಿರಿಜಮ್ಮನವರು ಹೊರಡುವಾಗ ಎದುರುಮನೆಯವರಿಗೆ ಹೇಳಿ ಊಟದ ಡಬ್ಬಿ ಗೊತ್ತು ಮಾಡಿದ್ದರು. ಆ ಡಬ್ಬಿಯ ಪಲ್ಯ ವಾಲಿಸಿದರೆ ಮೂಲೆಯಲ್ಲಿ ಎಣ್ಣೆ ಕೂಡುತ್ತಿತ್ತು. ವರದಿ ಬಂದ ಮರುದಿನವೇ ಅದನ್ನು ನಿಲ್ಲಿಸಿದರು.

ಆರಂಭದ ದಿನಗಳ ಅಡುಗೆಯನ್ನು ವಿವರಿಸದಿರುವುದೇ ಮರ್ಯಾದೆ. ಎಣ್ಣೆ ಕಡಿಮೆ ಮಾಡುವುದೆಂದರೆ ಬಾಟಲಿಯಿಂದ ಕಡಿಮೆ ಸುರಿಯುವುದು, ಅಷ್ಟೇ ಎಂದು ತಿಳಿದಿದ್ದರು. ಅಗಲವಾದ ಬಾಣಲೆಯಲ್ಲಿ ಒಂದು ಚಮಚ ಎಣ್ಣೆ ತೆಳ್ಳಗೆ ಹರಡಿ, ಸಾಸಿವೆ ಸಿಡಿಯುವ ಬದಲು ಕಪ್ಪಾಗಿ, ಈರುಳ್ಳಿ ತಳ ಹಿಡಿದು ಹೊಗೆಯೆದ್ದಿತು. ಗಿರಿಜಮ್ಮನವರು ಫೋನಿನಲ್ಲಿ ಆ ಬಾಣಲೆಯನ್ನು ನೋಡಿ, "ರೀ, ಒಗ್ಗರಣೆಗೆ ಸಣ್ಣ ಸೌಟು ಇಲ್ವಾ? ಅದನ್ನ ಓರೆ ಮಾಡಿ ಹಿಡೀರಿ, ಎಣ್ಣೆ ಒಂದು ಕಡೆ ನಿಲ್ಲುತ್ತೆ, ಸಾಸಿವೆ ಅದರಲ್ಲಿ ಮುಳುಗುತ್ತೆ" ಎಂದರು.

ಅಲ್ಲಿಂದ ಪಾಠ ಸರಿಯಾದ ದಾರಿ ಹಿಡಿಯಿತು. ತರಕಾರಿಯನ್ನು ಮೊದಲು ಹಬೆಯಲ್ಲಿ ಬೇಯಿಸಿಕೊಂಡು, ಒಂದು ಟೀ ಚಮಚ ಎಣ್ಣೆಯ ಒಗ್ಗರಣೆಯನ್ನು ಕೊನೆಯಲ್ಲಿ ಹಾಕಿದರೆ ಕರಿಬೇವು, ಇಂಗಿನ ಘಮ ಮೇಲೆಯೇ ಉಳಿಯುತ್ತದೆಂದೂ, ಈರುಳ್ಳಿಗೆ ಆರಂಭದಲ್ಲೇ ಉಪ್ಪು ಹಾಕಿ ಮುಚ್ಚಿದರೆ ಅದು ತನ್ನ ನೀರಿನಲ್ಲೇ ಬಾಡುತ್ತದೆಂದೂ ಕಲಿತರು. ಕಲಿತದ್ದನ್ನೆಲ್ಲ ನೋಟುಪುಸ್ತಕದಲ್ಲಿ ಬರೆದರು. ಪ್ರತಿದಿನ ಬೆಳಿಗ್ಗೆ ಐದು ಟೀ ಚಮಚ ಎಣ್ಣೆಯನ್ನು ಸಣ್ಣ ಸ್ಟೀಲ್ ಬಟ್ಟಲಿಗೆ ಅಳೆದು ಹಾಕಿ ದೊಡ್ಡ ಡಬ್ಬಿಯನ್ನು ಅಟ್ಟಕ್ಕೇರಿಸುತ್ತಿದ್ದರು. ದೋಸೆಗೆ ಹಳೆಯ ಕಬ್ಬಿಣದ ಹಂಚನ್ನು ಹೊರತೆಗೆದು, ಅರ್ಧ ಈರುಳ್ಳಿಯನ್ನು ಬಟ್ಟಲಿಗೆ ಅದ್ದಿ ಹಂಚಿನ ಮೇಲೆ ಉಜ್ಜಿದರು. ನಾಲ್ಕು ದೋಸೆಗೆ ಒಂದು ಚಮಚವೂ ಖರ್ಚಾಗಲಿಲ್ಲ. ಇಂಥ ಉಳಿತಾಯವಾದ ದಿನ ಅವರ ಧ್ವನಿ ಫೋನಿನಲ್ಲೇ ಬೇರೆಯಾಗಿರುತ್ತಿತ್ತು.

ಬಗ್ಗದಿದ್ದದ್ದು ಎಣ್ಣೆಗಾಯಿ ಒಂದೇ. ಬದನೆಕಾಯಿ ಎಣ್ಣೆಯಲ್ಲಿ ತೇಲದೆ ಆಗುವ ಅಡುಗೆಯೇ ಅದಲ್ಲ ಎಂದು ಗಿರಿಜಮ್ಮನವರೂ ಕೈಚೆಲ್ಲಿದ್ದರು. ಆಮೇಲೆ ಒಂದು ರಾತ್ರಿ, ಮಗುವನ್ನು ತೊಟ್ಟಿಲಿಗೆ ಹಾಕಿ ಬಂದವರು ಅವರಾಗಿಯೇ ಫೋನು ಮಾಡಿದರು. "ನಿಮ್ಮ ಅವ್ವ ಹೆಂಗೆ ಮಾಡ್ತಿದ್ರು ನೆನಪಾಯ್ತು. ನಾನು ಈ ಮನೆಗೆ ಬಂದ ಹೊಸತರಲ್ಲಿ ತಿಂಗಳಿಗೆ ಒಂದೇ ಲೀಟರ್ ಎಣ್ಣೆ, ಉಣ್ಣೋರು ಎಂಟು ಜನ. ದಪ್ಪ ತಳದ ಪಾತ್ರೆ, ಮೇಲೆ ಮುಚ್ಚಳದ ಬದಲು ತಟ್ಟೆ, ಆ ತಟ್ಟೇಲಿ ನೀರು."

ಮರುದಿನ ಎಳೆಯ ಮುಳ್ಳುಗಾಯಿ ತಂದು, ತೊಟ್ಟು ಬಿಡದಂತೆ ನಾಲ್ಕಾಗಿ ಸೀಳಿ, ಶೇಂಗಾ, ಗುರೆಳ್ಳು, ಒಣಕೊಬ್ಬರಿ, ಹುಣಸೆಹಣ್ಣು, ಬೆಲ್ಲ ಸೇರಿಸಿ ಅರೆದ ಮಸಾಲೆ ತುಂಬಿದರು. ಎರಡು ಚಮಚ ಎಣ್ಣೆಯಲ್ಲಿ ಕಾಯಿಗಳನ್ನು ಹೊರಳಿಸಿ, ಅರ್ಧ ಲೋಟ ನೀರು ಹಾಕಿ, ಮೇಲೆ ನೀರು ತುಂಬಿದ ಹಿತ್ತಾಳೆ ತಟ್ಟೆ ಮುಚ್ಚಿದರು. ಒಳಗಿನ ಹಬೆ ತಣ್ಣಗಿನ ತಟ್ಟೆಗೆ ತಾಗಿ ಹನಿಯಾಗಿ ಮತ್ತೆ ಕಾಯಿಗಳ ಮೇಲೇ ಬೀಳುತ್ತಿತ್ತು. ಮೇಲಿನ ನೀರು ಬಿಸಿಯಾದಾಗ ಅದನ್ನೇ ಸ್ವಲ್ಪ ಸ್ವಲ್ಪ ಪಾತ್ರೆಗೆ ಸುರಿದರು. ಇಪ್ಪತ್ತು ನಿಮಿಷಕ್ಕೆ ತಟ್ಟೆ ತೆಗೆದಾಗ ಕಾಯಿಗಳು ತೊಟ್ಟಿನವರೆಗೂ ಮೆತ್ತಗಾಗಿದ್ದವು, ತಳ ಹಿಡಿದಿರಲಿಲ್ಲ.

ಫೋಟೊ ಕಳಿಸಿ ಹೆಮ್ಮೆಯಿಂದ ಕಾದರು. ಮಗಳು ಫೋನು ಮಾಡಿದಳು. "ಅಪ್ಪಾಜಿ, ಮಸಾಲೆಗೆ ಶೇಂಗಾ ಎಷ್ಟು ಹಾಕಿದ್ರಿ?"

"ದೊಡ್ಡ ಬಟ್ಟಲಿನ ತುಂಬ. ಯಾಕೆ?"

"ಶೇಂಗಾದಲ್ಲಿ ಹೆಚ್ಚುಕಡಿಮೆ ಅರ್ಧ ಎಣ್ಣೆಯೇ ಅಲ್ವಾ? ಅದು ನಿಮ್ಮ ಪುಸ್ತಕದಲ್ಲಿ ಯಾವ ಪುಟದಲ್ಲಿದೆ?"

ಬಸವಲಿಂಗಪ್ಪನವರು ಉತ್ತರಿಸಲಿಲ್ಲ. ಲೆಕ್ಕಕ್ಕೆ ಬಾರದ ವೆಚ್ಚವನ್ನು ಹಿಡಿಯುವುದರಲ್ಲಿ ಹೆಸರಾಗಿದ್ದ ಮನುಷ್ಯ. ಈಗ ಚಟ್ನಿಪುಡಿ, ಒಣಕೊಬ್ಬರಿ, ಸಂಜೆಯ ಹುರಿದ ಶೇಂಗಾ ಒಂದೊಂದಾಗಿ ಕಣ್ಣಮುಂದೆ ಬಂದವು. ಬೆಣ್ಣೆಯಷ್ಟು ಕೆಟ್ಟದ್ದಲ್ಲ, ಒಂದು ಮುಷ್ಟಿ ತಿಂದರೆ ತೊಂದರೆಯಿಲ್ಲ ಎಂದು ಮಗಳೇ ಸಮಾಧಾನ ಹೇಳಿದಳು. ಆದರೂ ಅವರು ಮಸಾಲೆಯಲ್ಲಿ ಶೇಂಗಾವನ್ನು ಅರ್ಧಕ್ಕಿಳಿಸಿ, ಆ ಜಾಗಕ್ಕೆ ಹುರಿಗಡಲೆ ತಂದರು. ರುಚಿ ಒಂದು ಗುಲಗಂಜಿ ಕಡಿಮೆಯಾಯಿತೆಂಬುದನ್ನು ಪ್ರಾಮಾಣಿಕವಾಗಿ ಷರಾ ಬರೆದರು.

ಮೂರು ತಿಂಗಳಿನ ವರದಿಯಲ್ಲಿ ಎಲ್‌ಡಿಎಲ್ 139 ಬಂತು. ನಾಲ್ಕು ಕಿಲೋ ತೂಕ ಇಳಿದಿತ್ತು. ಇಳಿದದ್ದು ಒಳ್ಳೆಯದೇ, ಆದರೆ ವಯಸ್ಸು ಮತ್ತು ರಕ್ತದೊತ್ತಡ ನೋಡಿದರೆ ಇಷ್ಟು ಸಾಲದು ಎಂದು ಡಾಕ್ಟರು ರಾತ್ರಿಗೊಂದು ಸಣ್ಣ ಮಾತ್ರೆ ಬರೆದರು. ಪಥ್ಯಕ್ಕೆ ಬೆಲೆಯೇ ಇಲ್ಲವೇ ಎಂದು ಬಸವಲಿಂಗಪ್ಪನವರು ಎರಡು ದಿನ ಮುಖ ಗಂಟು ಹಾಕಿಕೊಂಡಿದ್ದರು. ಆ ವಾರವೇ ಊರಿಗೆ ಮರಳಿದ ಗಿರಿಜಮ್ಮನವರು, "ಅಪ್ಪನ ಕಾಲದಿಂದ ಬಂದ ರಕ್ತ, ಅದನ್ನೆಲ್ಲ ಪಲ್ಯದಿಂದ ತಿದ್ದೋಕಾಗುತ್ತಾ? ಮಾತ್ರೆ ನುಂಗಿ, ಊಟಕ್ಕೆ ಬನ್ನಿ" ಎಂದು ಆ ವಿಷಯವನ್ನು ಮುಗಿಸಿದರು.

ಬಡಿಸಿದ್ದು ಬಸವಲಿಂಗಪ್ಪನವರೇ. ಜೋಳದ ರೊಟ್ಟಿ ಮಾತ್ರ ಅಂಗಡಿಯದು. ಗಿರಿಜಮ್ಮನವರು ಎಣ್ಣೆಗಾಯಿಯ ಒಂದು ಹೋಳನ್ನು ರೊಟ್ಟಿಯಲ್ಲಿ ಸುತ್ತಿ ತಿಂದು, ಇನ್ನೊಂದು ಹಾಕಿಸಿಕೊಂಡು, ಹುಳಿ ಸ್ವಲ್ಪ ಮುಂದಾಯಿತೆಂದರು. ಆಮೇಲೆ ಕರಾರು ಆಯಿತು: ಬೆಳಗಿನ ತಿಂಡಿ ಅವರದು, ರಾತ್ರಿಯ ಅಡುಗೆ ಇವರದು, ಸ್ಟೀಲ್ ಬಟ್ಟಲು ಇಬ್ಬರಿಗೂ ಒಂದೇ.

"ಆದರೆ ಯುಗಾದಿಗೆ ಹೋಳಿಗೆ ಮಾಡ್ತೀನಿ, ಅದರ ತುಪ್ಪ ನಿಮ್ಮ ಬಟ್ಟಲಿಗೆ ಸೇರಲ್ಲ" ಎಂದರು ಗಿರಿಜಮ್ಮ.

ಬಸವಲಿಂಗಪ್ಪನವರು ಕನ್ನಡಕ ಏರಿಸಿ ನೋಟುಪುಸ್ತಕ ತೆರೆದರು. "ಆಗಲಿ, ಹಬ್ಬದ ಮುಂಗಡ ಅಂತ ಬರೆದುಕೊಳ್ತೀನಿ. ಆದರೆ ಹತ್ತು ಕಂತಿನಲ್ಲಿ ವಸೂಲಾಗಬೇಕು."