ಬಿಸಿ ಬಣ್ಣ, ತಂಪು ಬಣ್ಣ: 7ನೇ ತರಗತಿ ಚಿತ್ರಕಲೆ ಪಾಠ ಯೋಜನೆ

ಸ್ಥಳ: ಬೀದರ್ ತಾಲ್ಲೂಕಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ
ಅವಧಿ: 40 ನಿಮಿಷದ ಎರಡು ಪಿರಿಯಡ್
ಬೇಕಾಗುವುದು: ಡ್ರಾಯಿಂಗ್ ಶೀಟ್, ಪೋಸ್ಟರ್ ಕಲರ್, ಫ್ರೆಂಚ್ ಚಿತ್ರಕಾರ ಕ್ಲೋಡ್ ಮೊನೆ 1872ರಲ್ಲಿ ಬರೆದ ಬಂದರಿನ ಸೂರ್ಯೋದಯದ ಕಲರ್ ಪ್ರಿಂಟ್, ಒಂದು ಮೊಬೈಲ್

ಉದ್ದೇಶ: ಕೆಂಪು, ಕಿತ್ತಳೆ, ಹಳದಿ ಬಿಸಿ ಬಣ್ಣಗಳು, ನೀಲಿ, ಹಸಿರು, ನೇರಳೆ ತಂಪು. ಚಿತ್ರದಲ್ಲಿ ಇವು ಏನು ಮಾಡುತ್ತವೆ ಎಂದು ಮಕ್ಕಳು ನೋಡಿ ಹೇಳಬೇಕು. ಸುಮ್ನೆ ಪಟ್ಟಿ ಬಾಯಿಪಾಠ ಮಾಡಿಸಬೇಡಿ.

ಮೊದಲ ಪಿರಿಯಡ್: ಪ್ರಿಂಟ್ ತೋರಿಸಿ, "ಕಣ್ಣು ಮೊದಲು ಎಲ್ಲಿಗೆ ಹೋಯಿತು?" ಎಂದು ಕೇಳಿ. ಕಿತ್ತಳೆ ಸೂರ್ಯನಿಗೇ ಅಲ್ವಾ! ಈಗ ಮೊಬೈಲಿನಲ್ಲಿ ಅದರ ಕಪ್ಪು-ಬಿಳುಪು ಫೋಟೊ ತೆಗೆಯಿರಿ. ಸೂರ್ಯ ಹೆಚ್ಚುಕಡಿಮೆ ಮಾಯ! ಅದು ಸುತ್ತಲಿನ ಆಕಾಶದಷ್ಟೇ ತಿಳಿ ಇದೆ. ಎದ್ದು ಕಾಣುವುದು ತಂಪು ಬೂದು-ನೀಲಿಯ ನಡುವೆ ಕಿತ್ತಳೆ ಇರುವುದರಿಂದ. ಇದನ್ನು ನೀವೇ ಹೇಳಿಬಿಡಬೇಡಿ, ಮಕ್ಕಳು ತಲೆ ಕೆಡಿಸಿಕೊಳ್ಳಲಿ.

ಎರಡನೇ ಪಿರಿಯಡ್: ಶೀಟನ್ನು ಎರಡು ಭಾಗ ಮಾಡಿ, ಬೀದರ್ ಕೋಟೆಯನ್ನು ಎರಡು ಸಲ ಬರೆಯಲಿ. ಒಂದು ಮೇ ತಿಂಗಳ ಸಂಜೆ: ಕೆಂಪು ಜಂಬಿಟ್ಟಿಗೆ ಗೋಡೆ, ಕಿತ್ತಳೆ ಆಕಾಶ. ಇನ್ನೊಂದು ಮಳೆಗಾಲದ ಬೆಳಗ್ಗೆ: ನೀಲಿ ಮೋಡ, ಹಸಿರು ಹುಲ್ಲು, ನೇರಳೆ ನೆರಳು. ಕಪ್ಪು ಬಣ್ಣ ಕೊಡಬೇಡಿ. ಕೊಟ್ಟರೆ ನೆರಳೆಲ್ಲ ಅದರಲ್ಲೇ ಮುಗಿದುಹೋಗುತ್ತದೆ.

ಮೌಲ್ಯಮಾಪನ: ಯಾವ ಗೋಡೆ ಹತ್ತಿರ ಬಂದಂತೆ ಕಾಣುತ್ತದೆ, ಯಾಕೆ? ಎರಡು ಸಾಲು ಬರೆಯಲಿ. ಗೆರೆ ಸೊಟ್ಟಗಾದರೆ ಅಂಕ ಕಳೆಯುವುದಿಲ್ಲ.

ಮನೆಗೆಲಸ: ತೊಗರಿ ಹೊಲವನ್ನು ತಂಪು ಬಣ್ಣಗಳಲ್ಲಿ ಬರೆದು, ಹೂವಿಗೆ ಮಾತ್ರ ಹಳದಿ ಹಾಕುವುದು.